‘ಅಡಿಕೆ ಹಳದಿ ಆಗಿದೆ, ಏನ್ ಹೊಡೀಲಿ?’ ಅಂದವರಿಗೆ ಏನು ಉತ್ತರ ಬರೆಯಬೇಕು

"ಸಾರ್, ಅಡಿಕೆ ಮರ ಹಳದಿ ಆಗ್ತಿದೆ. ಏನ್ ಔಷಧಿ ಹೊಡೀಬೇಕು?"

ಮಳೆಗಾಲ ಮುಗಿಯುವ ಹೊತ್ತಿಗೆ ಮಲೆನಾಡು, ಕರಾವಳಿ ಕಡೆಯ ತೋಟಗಾರಿಕೆ ಇಲಾಖೆಯವರಿಗೆ, ಗೊಬ್ಬರದಂಗಡಿಯವರಿಗೆ, ಊರಲ್ಲಿ ನಾಲ್ಕು ಜನ ಕೇಳುವಂಥ ಬೆಳೆಗಾರರಿಗೆ ಇಂಥ ಮೆಸೇಜ್ ಬರುತ್ತಲೇ ಇರುತ್ತದೆ. ಫೋಟೋ ಇರುವುದಿಲ್ಲ. ಎಷ್ಟು ಮರ, ಯಾವ ಸೋಗೆ, ಎಷ್ಟು ದಿನದಿಂದ, ಒಂದೂ ಗೊತ್ತಾಗುವುದಿಲ್ಲ. ಬರೆದವರು ಬೇಕಂತಲೇ ಅರ್ಧ ಹೇಳಿದ್ದಲ್ಲ. ಅವರ ಕಣ್ಣಿಗೆ ಕಂಡಿದ್ದು ಹಳದಿ ಬಣ್ಣ, ಅದನ್ನೇ ಬರೆದಿದ್ದಾರೆ. ಅದರಲ್ಲಿ ಯಾವ ವಿವರ ಮುಖ್ಯ ಅಂತ ತಿಳಿದಿರಬೇಕಾದವರು ಉತ್ತರ ಕೊಡುವವರು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎರಡು. ಒಂದು, ಏನೂ ಕೇಳದೆ ಒಂದು ಔಷಧಿಯ ಹೆಸರು ಬರೆದು ಕಳಿಸುವುದು. ಬುಡದಲ್ಲಿ ನೀರು ನಿಂತು ಬೇರು ಉಸಿರಾಡಲಾಗದೆ ಹಳದಿಯಾದ ಮರಕ್ಕೆ ಎಷ್ಟು ಸಲ ಶಿಲೀಂಧ್ರನಾಶಕ ಹೊಡೆದರೂ ಅದು ಹಸಿರಾಗುವುದಿಲ್ಲ. ಔಷಧಿಯ ದುಡ್ಡು, ದೋಟಿಯವರ ಕೂಲಿ ಎರಡೂ ಹೋಗುತ್ತವೆ. ಇನ್ನೊಂದು, "ಪೂರ್ತಿ ಡೀಟೇಲ್ಸ್ ಕಳಿಸಿ" ಅಂತ ಬರೆಯುವುದು. ಓದಿದವರಿಗೆ ಯಾವ ವಿವರ ಅಂತಲೇ ತಿಳಿಯುವುದಿಲ್ಲ. ತಾನು ಕೇಳಿದ್ದೇ ತಪ್ಪಾಯಿತೇನೋ ಅಂದುಕೊಂಡು ಸುಮ್ಮನಾಗುತ್ತಾರೆ, ಆಮೇಲೆ ಪಕ್ಕದ ತೋಟದವರು ಹೊಡೆದಿದ್ದನ್ನೇ ತಂದು ಹೊಡೆಯುತ್ತಾರೆ.

ಈ ಮೆಸೇಜಿಗೆ ಹೀಗೆ ಉತ್ತರಿಸಿದರೆ ಕೆಲಸ ಆಗುತ್ತದೆ:

"ನಮಸ್ಕಾರ ಅಣ್ಣ. ಅಡಿಕೆ ಹಳದಿ ಆಗೋಕೆ ನಾಲ್ಕೈದು ಕಾರಣ ಇರುತ್ತೆ, ಒಂದೊಂದಕ್ಕೂ ಬೇರೆ ಬೇರೆ ಉಪಾಯ. ಎರಡು ವಿಷಯ ಗೊತ್ತಾದ್ರೆ ಸರಿಯಾಗಿ ಹೇಳಬಹುದು. ಮೊದಲು ಹಳದಿ ಆಗಿದ್ದು ಕೆಳಗಿನ ಸೋಗೆಯೋ, ಸುಳಿಯೋ? ತೋಟ ಪೂರ್ತಿ ಹಾಗಿದೆಯೋ, ಒಂದು ಕಡೆ ಮಾತ್ರವೋ? ತೋಟಕ್ಕೆ ಹೋದಾಗ ದೂರದಿಂದ ಇಡೀ ಮರದ್ದೊಂದು, ಹತ್ತಿರದಿಂದ ಒಂದು ಸೋಗೆಯದ್ದು ಫೋಟೋ ಕಳಿಸಿ. ಬರೆಯೋಕೆ ಪುರುಸೊತ್ತಿಲ್ಲದಿದ್ರೆ ವಾಯ್ಸ್ ಹಾಕಿ. ಅಲ್ಲಿವರೆಗೆ ಏನೂ ಹೊಡೆಯೋದು ಬೇಡ. ಸುಳಿಯೇ ಹಳದಿ ಆಗಿದ್ರೆ ಮಾತ್ರ ಈಗಲೇ ಫೋನ್ ಮಾಡಿ."

ಇಷ್ಟೇ ಸಾಕು. ಇದರಲ್ಲಿ ಕೇಳಿದ ಎರಡು ಪ್ರಶ್ನೆ ಸುಮ್ಮನೆ ಆರಿಸಿದ್ದಲ್ಲ. ಸಾರಜನಕದ ಕೊರತೆ, ಮೆಗ್ನೀಷಿಯಂ ಕೊರತೆ, ನೀರು ನಿಲ್ಲುವುದು, ಬೇರುಹುಳದ ಕಾಟ, ಹಳದಿ ಎಲೆ ರೋಗ, ಇವೆಲ್ಲ ಮೊದಲು ಕಾಣಿಸುವುದು ಕೆಳಗಿನ, ಅಂದರೆ ಹಳೆಯ ಸೋಗೆಯಲ್ಲಿ. ಸುಳಿಯೇ ಮೊದಲು ಬಣ್ಣ ಕಳೆದುಕೊಂಡಿದ್ದರೆ ಸುಳಿ ಕೊಳೆ ಇರಬಹುದು. ಹಿಡಿದೆಳೆದರೆ ಸುಳಿ ಸಲೀಸಾಗಿ ಕೈಗೆ ಬಂದು ಕೆಟ್ಟ ವಾಸನೆ ಬಂದರೆ ಅನುಮಾನ ಗಟ್ಟಿಯಾಗುತ್ತದೆ. ಅದಕ್ಕೆ ಕಾಯುವ ಹಾಗಿಲ್ಲ, ಕೊಳೆತ ಭಾಗ ತೆಗೆದು ಬೋರ್ಡೋ ಪೇಸ್ಟ್ ಹಚ್ಚುವುದು ತಡವಾದರೆ ಮರ ಉಳಿಯುವುದು ಕಷ್ಟ. ಉತ್ತರದ ಕೊನೆಯಲ್ಲಿ "ಈಗಲೇ ಫೋನ್ ಮಾಡಿ" ಅಂತ ಸೇರಿಸಿರುವುದು ಇದಕ್ಕೇ. ಎರಡನೇ ಪ್ರಶ್ನೆ ಜಾಗದ್ದು. ತೋಟವೆಲ್ಲ ಒಂದೇ ಸಮ ಪೇಲವವಾಗಿದ್ದರೆ ಮೊದಲು ಗೊಬ್ಬರದ ಕಡೆ ನೋಡಬೇಕು, ತಗ್ಗಿನ ಸಾಲಲ್ಲಿ ಮಾತ್ರ ಇದ್ದರೆ ನೀರಿನ ಕಡೆ.

ಸಿಡುಕು ಕಾಣಿಸದ ಹಾಗೆ ಕೇಳುವುದಕ್ಕೆ ಕನ್ನಡದಲ್ಲೇ ಒಳ್ಳೆಯ ದಾರಿ ಇದೆ. "ಕೆಳಗಿನ ಸೋಗೆಯೋ, ಸುಳಿಯೋ?" ಅಂತ ಓಕಾರ ಹಾಕಿ ಎರಡನ್ನೂ ಮುಂದಿಟ್ಟರೆ ಒಂದು ಪದದಲ್ಲಿ ಉತ್ತರ ಮುಗಿಯುತ್ತದೆ. ಅದೇ "ಯಾವ ಸೋಗೆ ಅಂತ ಹೇಳಲೇ ಇಲ್ಲವಲ್ಲ?" ಅಂದರೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ, ಗದರಿಕೆಯಾಗುತ್ತದೆ. ‘ಇಲ್ಲವಾ’ ಅಂತ ಮುಗಿಯುವ ಪ್ರಶ್ನೆಗಳೆಲ್ಲ ಹೀಗೇ. "ಮಣ್ಣು ಪರೀಕ್ಷೆ ಮಾಡಿಸಿಲ್ವಾ?" ಅಂದರೆ ಮಾಡಿಸದವರು ತಲೆ ತಗ್ಗಿಸುತ್ತಾರೆ. "ಮಣ್ಣು ಪರೀಕ್ಷೆಯ ಚೀಟಿ ಇದ್ರೆ ಅದರ ಫೋಟೋನೂ ಹಾಕಿ" ಅಂದರೆ ಇಲ್ಲದವರಿಗೂ ಮುಜುಗರವಿಲ್ಲ. ಗೊಬ್ಬರದ ಮಾತಲ್ಲಂತೂ ತುಂಬಾ ಜೋಪಾನ ಬೇಕು. "ನೀವು ಏನು ಹಾಕಿದಿರಿ?" ಅಂದರೆ ತಪ್ಪು ಹುಡುಕಿದ ಹಾಗೆ ಕೇಳುತ್ತದೆ. "ಈ ವರ್ಷ ಗೊಬ್ಬರ ಏನೇನು ಕೊಟ್ಟಾಗಿದೆ?" ಅಂದರೆ ಮಾತು ತೋಟದ ಮೇಲೆ ಬರುತ್ತದೆ, ಮನುಷ್ಯರ ಮೇಲಲ್ಲ. ಅಣ್ಣ, ಅಕ್ಕ, ಭಟ್ರೆ, ಗೌಡ್ರೆ, ಎದುರಿಗೆ ಸಿಕ್ಕಾಗ ಹೇಗೆ ಕರೆಯುತ್ತೀರೋ ಬರಹದಲ್ಲೂ ಹಾಗೇ ಕರೆಯಿರಿ. ಬರೇ ಪ್ರಶ್ನಾರ್ಥಕ ಚಿಹ್ನೆ ಕಳಿಸುವುದು ಮಾತ್ರ ಯಾವತ್ತೂ ಬೇಡ.

ಎರಡೇ ಪ್ರಶ್ನೆ ಯಾಕೆ ಅಂದರೆ, ಏಳೆಂಟು ಕೇಳಿದರೆ ಕೊನೆಯದ್ದಕ್ಕೋ ಸುಲಭದ್ದಕ್ಕೋ ಮಾತ್ರ ಉತ್ತರ ಬರುತ್ತದೆ. ಮರದ ವಯಸ್ಸು, ಗೊಬ್ಬರ, ನೀರು ಬಿಡುವ ಕ್ರಮ, ಇವೆಲ್ಲ ಎರಡನೇ ಸುತ್ತಿಗೆ ಇರಲಿ. ಮೊದಲ ಉತ್ತರ ಬಂದ ಮೇಲೆ ಇವುಗಳಲ್ಲಿ ಅರ್ಧ ಕೇಳಬೇಕಾಗಿಯೇ ಇರುವುದಿಲ್ಲ.

"ಕೆಳಗಿನ ಸೋಗೆ. ಹತ್ತು ಹದಿನೈದು ಮರ, ಹಳ್ಳದ ಬದಿಗೆ" ಅಂತ ಉತ್ತರ ಬಂತು ಅಂತಿಟ್ಟುಕೊಳ್ಳಿ. ಈಗ ನೀರು, ಬೇರುಹುಳ, ಹಳದಿ ಎಲೆ ರೋಗ ಮೂರರ ಮೇಲೂ ಅನುಮಾನ ಇದೆ. ಮುಂದಿನ ಮೆಸೇಜಲ್ಲಿ ಕೇಳುವ ಬದಲು ಒಂದು ಕೆಲಸ ಹೇಳಬೇಕು: "ಹಳದಿಯಾದ ಒಂದು ಮರದ ಬುಡದಿಂದ ಒಂದೂವರೆ ಅಡಿ ದೂರದಲ್ಲಿ, ಬೇರಿಗೆ ಆದಷ್ಟು ಪೆಟ್ಟಾಗದ ಹಾಗೆ ಎರಡಡಿ ಆಳ ಅಗೆದು ನೋಡಿ. ನೀರು ಒಸರುತ್ತಾ? ಬಿಳಿ ಹುಳ ಸಿಗುತ್ತಾ? ಬೇರಿನ ತುದಿ ಬಿಳಿಯಿದೆಯೋ, ಕಪ್ಪಾಗಿದೆಯೋ? ಹಾಗೇ ಆ ಮರದ ಎರಡು ಕಾಯಿ ಸೀಳಿ ಒಳಗಿನದರ ಫೋಟೋ ಹಾಕಿ."

ಗುಂಡಿಯಲ್ಲಿ ನೀರು ಒಸರಿದರೆ ಮೊದಲ ಕೆಲಸ ಬಸಿಗಾಲುವೆಯದ್ದು. ಅದು ಗಿಡ ನೆಟ್ಟ ಗುಂಡಿಯ ತಳಕ್ಕಿಂತ ಅರ್ಧದಿಂದ ಒಂದಡಿಯಷ್ಟು ಆಳ ಇರಬೇಕು, ಹೂಳು ತುಂಬಿದ್ದರೆ ಇದ್ದೂ ಇಲ್ಲದ ಹಾಗೆ. ‘ಸಿ’ ಆಕಾರದಲ್ಲಿ ಮಡಚಿಕೊಂಡ ಬಿಳಿ ಹುಳ ಸಿಕ್ಕಿ, ಮರ ದೂಡಿದರೆ ಅಲುಗಾಡಿದರೆ ಬೇರುಹುಳ. ಸೋಗೆಯ ಎಲೆಗಳು ತುದಿಯಿಂದ ಹಳದಿಯಾಗುತ್ತಾ ಬಂದು, ನಡುನರದ ಪಕ್ಕ ಹಸಿರು ಉಳಿದು, ಬೇರಿನ ತುದಿ ಕಪ್ಪಾಗಿ, ಸೀಳಿದ ಕಾಯಿಯ ತಿರುಳೂ ಮೆತ್ತಗಾಗಿ ಕಪ್ಪುಗಟ್ಟಿದ್ದರೆ ಹಳದಿ ಎಲೆ ರೋಗದ ಅನುಮಾನ ಬರುತ್ತದೆ. ಶೃಂಗೇರಿ, ಕೊಪ್ಪ, ಸುಳ್ಯದ ಕಡೆ ಈ ಹೆಸರು ಕೇಳಿದರೆ ಮನೆಯವರ ನಿದ್ದೆ ಹೋಗುತ್ತದೆ. ಫೈಟೋಪ್ಲಾಸ್ಮಾ ಅನ್ನುವ ಸೂಕ್ಷ್ಮಜೀವಿಯಿಂದ ಬರುವ ಈ ರೋಗಕ್ಕೆ ವಾಸಿ ಮಾಡುವ ಔಷಧಿ ಇಲ್ಲ. ಹಾಗಾಗಿ ಫೋಟೋ ನೋಡಿ ಇದೇ ರೋಗ ಅಂತ ಬರೆದುಬಿಡಬಾರದು. ಮೆಗ್ನೀಷಿಯಂ ಕೊರತೆಯಲ್ಲೂ ಹಳೆಯ ಸೋಗೆ ಅಂಚಿಂದ ಹಳದಿಯಾಗಿ ನಡುವೆ ಹಸಿರು ಉಳಿಯುವುದುಂಟು. "ಇದನ್ನ ತೋಟಕ್ಕೆ ಬಂದೇ ನೋಡಬೇಕು ಅಣ್ಣ, ಯಾವ ದಿನ ಮನೇಲಿರ್ತೀರಿ?" ಅಂತಷ್ಟೇ ಬರೆಯಿರಿ.

ಎರಡು ದಿನವಾದರೂ ಮರು ಉತ್ತರ ಬರದಿದ್ದರೆ, "ಫೋಟೋ ಕಳಿಸಲೇ ಇಲ್ಲ" ಅನ್ನಬೇಡಿ. ಕೊಯ್ಲೋ, ಮಳೆಯೋ, ನೆಟ್‌ವರ್ಕೋ, ಕಾರಣ ಏನಾದರೂ ಇರಬಹುದು. "ಅಣ್ಣ, ಆ ಹಳದಿ ಮರ ಈಗ ಹೇಗಿದೆ?" ಅಂತ ಒಂದು ಸಾಲು ಹಾಕಿ.