ಹೂಂ, ಹೇಳು, ಕೇಳಿಸ್ತಿದೆ

ನಿನ್ನೆ ರಾತ್ರಿ ಊಟಕ್ಕೆ ಕೂತು ನಮ್ಮ ಮನೆಯವರಿಗೆ ಆಫೀಸಿನ ಕಥೆ ಹೇಳುತ್ತಿದ್ದೆ. ಎಲ್ಲರ ಮುಂದೆ ಬೈಸಿಕೊಂಡು ಬಂದಿದ್ದೆ, ಹೊಟ್ಟೆ ಉರಿಯುತ್ತಿತ್ತು. ಅವರ ಬಲಗೈ ತಟ್ಟೆಯಲ್ಲಿ, ಎಡಗೈ ಹೆಬ್ಬೆರಳು ಫೋನಿನ ಮೇಲೆ. 'ಹೂಂ' ಅಂದರು. ಬೇಕಂತಲೇ 'ನಾಳೆಯಿಂದ ಕೆಲಸಕ್ಕೆ ಹೋಗಲ್ಲ' ಅಂದೆ. ಅದಕ್ಕೂ 'ಹೂಂ, ಒಳ್ಳೇದಾಯ್ತು'! ಎರಡು ನಿಮಿಷ ಬಿಟ್ಟು ತಲೆ ಎತ್ತಿ 'ಏನಂದೆ?' ಅಂತ ಕೇಳಿದರು. 'ಏನಿಲ್ಲ' ಅಂದೆ.

ನನ್ನ ಸಿಟ್ಟೆಲ್ಲ ಆ 'ಏನಂದೆ' ಮೇಲೆ. ಎರಡನೇ ಸಲ ಹೇಳುವಷ್ಟರಲ್ಲಿ ಮಾತಿನ ಬಿಸಿ ಆರಿರುತ್ತದೆ, ಬರೀ ವರದಿ ಒಪ್ಪಿಸಿದ ಹಾಗಾಗುತ್ತದೆ. ನಾಲ್ಕು ದಿನ ಹೀಗಾದರೆ ಹೇಳುವುದನ್ನೇ ಬಿಡುತ್ತೇವೆ, ಅಲ್ವಾ?

ಹಿಂದೆ ಪೇಪರ್ ಓದುತ್ತಾ ಊಟ ಮಾಡುತ್ತಿರಲಿಲ್ವಾ ಅಂತ ಯಾರಾದರೂ ಕೇಳೇ ಕೇಳುತ್ತೀರಿ. ಮಾಡುತ್ತಿದ್ದರು ಸ್ವಾಮಿ. ಆದರೆ ಪೇಪರ್ ಓದಿ ಮುಗಿಯುತ್ತಿತ್ತು, ಅದು ಟಣ್ ಅಂತ ಕರೆಯುತ್ತಲೂ ಇರಲಿಲ್ಲ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 300ಕ್ಕೂ ಹೆಚ್ಚು ಜನರನ್ನು ಹೋಟೆಲಿನಲ್ಲಿ ಊಟಕ್ಕೆ ಕೂರಿಸಿ ನೋಡಿದ್ದರು. ಫೋನ್ ಟೇಬಲ್ ಮೇಲಿದ್ದವರಿಗೆ ಗಮನ ಹೆಚ್ಚು ಚದುರಿತ್ತು, ಜೊತೆಯಲ್ಲಿದ್ದವರ ಸಂಗ ಸ್ವಲ್ಪ ಕಡಿಮೆ ಹಿಡಿಸಿತ್ತು. ಸ್ವಲ್ಪವೇ, ನಿಜ. ಆದರೆ ಅದು ಒಂದು ಊಟದ ಲೆಕ್ಕ. ನಮ್ಮದು ದಿನಾ ಇದೆಯಲ್ಲ!

ಇಷ್ಟು ಬೈದ ಮೇಲೆ ಒಂದು ಒಪ್ಪಿಕೊಳ್ಳಬೇಕು. ಮಲಗುವಾಗ ಕಳ್ಳಿ ನಾನೇ. ಅಲಾರಂ ಇಡುತ್ತೇನೆ ಅಂತ ಫೋನ್ ತೆಗೆದವಳು ಮುಕ್ಕಾಲು ಗಂಟೆ ಗೋಡೆ ಕಡೆ ತಿರುಗಿ, ಯಾರದ್ದೋ ಮನೆಯ ಅಡುಗೆಮನೆ ನೋಡುತ್ತಾ ಮಲಗಿರುತ್ತೇನೆ. ಇವರಿಗೆ ಕಾಣುವುದು ನನ್ನ ಬೆನ್ನು.

ಹಿಂದೊಮ್ಮೆ 'ಇವತ್ತಿಂದ ಫೋನ್ ಬಂದ್' ಅಂತ ಜಗಳದ ಮಧ್ಯೆಯೇ ಘೋಷಣೆ ಮಾಡಿದ್ದೆ. ಮೂರು ದಿನ ನಡೆಯಿತು. ಇವತ್ತು ಬೆಳಗ್ಗೆ ಸಮಾಧಾನವಾಗಿ ಕೂತು, ಆ ಹೊತ್ತಲ್ಲಿ ನಿಜವಾಗಿ ಫೋನ್ ಯಾಕೆ ಬೇಕು ಅಂತ ಒಬ್ಬರಿಗೊಬ್ಬರು ಹೇಳಿಕೊಂಡೆವು. ಅವರಿಗೆ ಅತ್ತೆಯ ಚಿಂತೆ, ರಾತ್ರಿ ಏನಾದರೂ ಆದರೆ ಅಂತ. ನನಗೆ ಅಲಾರಂ. ಅಷ್ಟೇ! ಹಾಗಾಗಿ ಒಂದು ಅಲಾರಂ ಗಡಿಯಾರ ತಂದೆವು, ಎರಡೂ ಚಾರ್ಜರ್ ಹಾಲಿಗೆ ಹೋದವು. Do Not Disturb ಹಾಕಿ ಅತ್ತೆಯ ನಂಬರಿಗೆ ಮಾತ್ರ ವಿನಾಯಿತಿ ಕೊಟ್ಟೆವು. ಅದರಲ್ಲೇ Repeat callers ಅಂತ ಇದೆ. ಅದನ್ನು ಆನ್ ಮಾಡಿದರೆ, ಒಬ್ಬರೇ 15 ನಿಮಿಷದೊಳಗೆ ಎರಡನೇ ಸಲ ಕರೆ ಮಾಡಿದಾಗ ರಿಂಗ್ ಆಗುತ್ತದೆ. ಬಾಗಿಲು ತೆಗೆದಿಟ್ಟು ಮಲಗಿದರೆ ಹಾಲಿನಲ್ಲಿ ರಿಂಗಾದದ್ದು ಕೇಳಿಸುತ್ತದೆ, ಪರೀಕ್ಷೆ ಮಾಡಿ ನೋಡಿಯೇ ಒಪ್ಪಿದರು.

ಊಟದ ಅರ್ಧ ಗಂಟೆ, ಮಲಗುವಾಗ ರಾತ್ರಿ ಹತ್ತರಿಂದ ಫೋನ್ ದೂರ. ನೋಡಲೇಬೇಕಾದರೆ 'ಒಂದು ಮೆಸೇಜ್ ಇದೆ, ಎರಡು ನಿಮಿಷ' ಅಂತ ಬಾಯಿಬಿಟ್ಟು ಹೇಳಿ ಎದ್ದುಹೋಗಬೇಕು. ಕದ್ದು ನೋಡುವ ಹಾಗಿಲ್ಲ, ಇನ್ನೊಬ್ಬರು ಪೊಲೀಸ್‌ಗಿರಿ ಮಾಡುವ ಹಾಗೂ ಇಲ್ಲ. ಈ ಕೊನೆಯದು ನನಗೋಸ್ಕರ ಸೇರಿಸಿದ್ದು ಅಂತ ಗೊತ್ತು ಬಿಡಿ. ಒಂದು ವಾರ ನೋಡಿ ಮತ್ತೆ ಮಾತಾಡೋದು ಅಂತಾಗಿದೆ.

ಈಗ ಒಂಬತ್ತು ಐವತ್ತೈದು. ನಿನ್ನ ಚಾರ್ಜರ್ ಇನ್ನೂ ಖಾಲಿ ಇದೆ ಅಂತ ಹಾಲಿನಿಂದ ಕೂಗುತ್ತಿದ್ದಾರೆ. ಆಫೀಸಿನ ಕಥೆ ಇನ್ನೂ ಹೇಳಿಲ್ಲ, ಹೋಗ್ತೀನಿ.