"ಡೆಟರ್ಸ್ ಲಿಸ್ಟ್ ಒಂದು ನೀಟಾಗಿ ಮಾಡಿಡಿ" ಅಂದಾಗ ಏನು ಕೇಳಬೇಕು?

ಅಕೌಂಟ್ಸ್ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಸಂಜೆ ಹೊರಡುವ ಹೊತ್ತಿಗೆ ಮ್ಯಾನೇಜರ್ ಬಂದು, "ನಾಳೆ ಮೀಟಿಂಗ್‌ಗೆ ಡೆಟರ್ಸ್ ಲಿಸ್ಟ್ ಒಂದು ನೀಟಾಗಿ ಮಾಡಿಡಿ" ಅಂದರು. ನಾನು "ಆಯ್ತು ಸರ್" ಅಂದೆ. ಡೆಟರ್ಸ್ ಲಿಸ್ಟ್ ಅಂದರೆ ಬಾಕಿ ಕೊಡಬೇಕಾದ ಗಿರಾಕಿಗಳ ಪಟ್ಟಿ ಅಂತ ಗೊತ್ತಿತ್ತು, ಆದರೆ ಯಾವ ತರಹದ್ದು ಅಂತ ಗೊತ್ತಿರಲಿಲ್ಲ. ಕೇಳಿದರೆ "ಇಷ್ಟೂ ಬರಲ್ವಾ" ಅಂದುಕೊಳ್ಳುತ್ತಾರೆ ಅನ್ನೋ ಭಯ.

ರಾತ್ರಿ ಒಂಬತ್ತರವರೆಗೆ ಕೂತು ಪಟ್ಟಿ ಮಾಡಿದೆ. ಯಾವ ಗಿರಾಕಿಯಿಂದ ಎಷ್ಟು ಬರಬೇಕು, ಆ ಬಾಕಿ 30 ದಿನದ್ದಾ, 60 ದಿನದ್ದಾ, 90 ದಿನದ್ದಾ ಅಂತ ಕಾಲಂ ಹಾಕಿದೆ. ಮೊತ್ತ ಒಂದು ರೂಪಾಯಿಯೂ ತಪ್ಪಿರಲಿಲ್ಲ. ಆದರೂ ಮಾರನೇ ದಿನ ಮೀಟಿಂಗ್‌ನಲ್ಲಿ ಆ ಹಾಳೆ ಹಿಡಿದು ಸೇಲ್ಸ್‌ನವರನ್ನು ಸುಮ್ನೆ ತರಾಟೆಗೆ ತೆಗೆದುಕೊಂಡರು. ಆಮೇಲೆ ಅದೇ ಹಾಳೆ ನನ್ನ ಟೇಬಲ್‌ಗೆ ವಾಪಸ್ ಬಂತು.

ಆಗಿದ್ದು ಇಷ್ಟೇ. ನಾನು ದಿನಗಳನ್ನು ಬಿಲ್ ತಾರೀಖಿನಿಂದ ಎಣಿಸಿದ್ದೆ. ಒಂದು ಬಿಲ್ ಜನವರಿ 10ರದ್ದು ಅಂದುಕೊಳ್ಳಿ. ಗಿರಾಕಿಗೆ 60 ದಿನ ಸಾಲ ಕೊಟ್ಟಿದ್ದೇವೆ. ಮಾರ್ಚ್ 31ಕ್ಕೆ ಲಿಸ್ಟ್ ತೆಗೆದರೆ, ಬಿಲ್ ತಾರೀಖಿನಿಂದ ಅದು 80 ದಿನದ ಹಳೇ ಬಾಕಿ. ನೋಡಿದವರಿಗೆ ಗಾಬರಿಯಾಗುತ್ತದೆ. ಆದರೆ ಗಿರಾಕಿ ದುಡ್ಡು ಕೊಡಬೇಕಾಗಿದ್ದೇ ಮಾರ್ಚ್ 11ಕ್ಕೆ. ಅಲ್ಲಿಂದ ಎಣಿಸಿದರೆ ತಡವಾಗಿರುವುದು ಬರೀ 20 ದಿನ. ಅದೇ ಬಿಲ್, ಅದೇ ಮೊತ್ತ, ಆದರೆ ಎರಡು ಬೇರೆ ಕಥೆ.

ಹಾಗಂತ ಬಿಲ್ ತಾರೀಖಿನ ಲೆಕ್ಕ ತಪ್ಪು ಅಂತಲ್ಲ. ಬ್ಯಾಂಕಿಗೆ ಸರಕು ಮತ್ತು ಬಾಕಿಯ ವಿವರ ಇರುವ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಕೊಡುವಾಗ ಸಾಮಾನ್ಯವಾಗಿ ಅದೇ ಬೇಕು. ಬಿಲ್ ಆಗಿ 90 ದಿನ ದಾಟಿದ ಬಾಕಿಯನ್ನು ಎಷ್ಟೋ ಬ್ಯಾಂಕ್‌ಗಳು ನಮಗೆ ಎಷ್ಟು ಸಾಲ ಕೊಡಬಹುದು ಅನ್ನೋ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೇಲ್ಸ್‌ನವರು ವಸೂಲಿಗೆ ಫೋನ್ ಮಾಡಲು ಮಾತ್ರ ಗಡುವಿನ ತಾರೀಖಿನ ಲೆಕ್ಕ ಬೇಕು. ಲೆಕ್ಕ ಇಡುವ ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ಎರಡೂ ಆಯ್ಕೆ ಇವೆ. ಯಾವುದನ್ನು ಒತ್ತಬೇಕು ಅನ್ನೋದು ಆ ಹಾಳೆ ಯಾರ ಕೈಗೆ ಹೋಗುತ್ತೆ ಅನ್ನೋದರ ಮೇಲಿದೆ. ಮ್ಯಾನೇಜರ್‌ಗೆ ಅದು ಗೊತ್ತಿತ್ತು, ಮೀಟಿಂಗ್‌ನಲ್ಲಿ ಯಾರಿರುತ್ತಾರೆ ಅಂತ ಅವರ ತಲೆಯಲ್ಲಿತ್ತು. ನನಗೂ ಗೊತ್ತಿದೆ ಅಂದುಕೊಂಡಿದ್ದರು.

ಅದಕ್ಕೇ ನಾನು ಈಗ ಮೊದಲು ಕೇಳುವುದು ಒಂದೇ: "ಸರ್, ಇದನ್ನ ಯಾರು ನೋಡ್ತಾರೆ? ನೋಡಿ ಏನು ತೀರ್ಮಾನ ಮಾಡ್ಬೇಕಿದೆ?" ಈ ಪ್ರಶ್ನೆ ಕೇಳಿದವರನ್ನು ಯಾರೂ ದಡ್ಡರು ಅಂದುಕೊಂಡಿದ್ದನ್ನು ನಾನು ನೋಡಿಲ್ಲ. "ಹೇಗೆ ಮಾಡ್ಲಿ ಸರ್?" ಅಂದರೆ ಬೇರೆ. ಅದು ಇಡೀ ಕೆಲಸವನ್ನೇ ಅವರ ಕೈಗೆ ವಾಪಸ್ ಕೊಟ್ಟ ಹಾಗೆ. ಅವರಿಗೆ ಸಿಟ್ಟು ಬರುವುದು ಅದಕ್ಕೆ.

ಆಮೇಲೆ ಬರಿಗೈಲಿ ಹೋಗುವುದಿಲ್ಲ. ಹತ್ತು ನಿಮಿಷ ಕೂತು ಮೂರೇ ಮೂರು ಬಿಲ್ ಹಾಕಿ ಒಂದು ಮಾದರಿ ಮಾಡುತ್ತೇನೆ. "ಮಾರ್ಚ್ 31ರವರೆಗೆ, ಗಡುವು ದಾಟಿದ ದಿನದ ಲೆಕ್ಕದಲ್ಲಿ ಹೀಗೆ ಮಾಡ್ತಿದ್ದೀನಿ, ಸರಿನಾ?" ಅಂತ ತೋರಿಸುತ್ತೇನೆ. ಅವರು "ಹೂಂ" ಅನ್ನಬಹುದು, ಇಲ್ಲಾ "ಅಲ್ಲ, ಇದು ಬ್ಯಾಂಕಿಗೆ" ಅನ್ನಬಹುದು. ಅರ್ಧ ನಿಮಿಷದ ಮಾತು. ಆದರೆ ಇದನ್ನು ಕೆಲಸ ಹೇಳಿದ ಅರ್ಧ ಗಂಟೆಯೊಳಗೆ ಮಾಡಬೇಕು. ರಾತ್ರಿಯೆಲ್ಲಾ ಕಳೆದು, ಮೀಟಿಂಗ್‌ಗೆ ಹತ್ತು ನಿಮಿಷ ಇರುವಾಗ ಅದೇ ಪ್ರಶ್ನೆ ಕೇಳಿದರೆ ನಿಜಕ್ಕೂ ಕೆಟ್ಟದಾಗಿ ಕಾಣುತ್ತದೆ. ವಾಟ್ಸಾಪ್‌ನಲ್ಲಿ ಒಂದೊಂದೇ ಪ್ರಶ್ನೆ ಐದು ಸಲ ಕಳಿಸುವುದೂ ಅಷ್ಟೇ.

ಕೆಲವರು ಫೋನೇ ಎತ್ತುವುದಿಲ್ಲ. ಆಗ ನಾನು ಹಿಡಿದ ಲೆಕ್ಕವನ್ನು ಹಾಳೆಯ ಮೇಲೆಯೇ ಒಂದು ಸಾಲಲ್ಲಿ ಬರೆಯುತ್ತೇನೆ: ಯಾವ ತಾರೀಖಿನವರೆಗೆ, ದಿನ ಎಲ್ಲಿಂದ ಎಣಿಸಿದ್ದು. ಓದಿದವರು ತಪ್ಪು ತಿಳಿಯುವುದಿಲ್ಲ. ಏನೇ ಕೇಳಿದರೂ ಬೈಯುವ ಮ್ಯಾನೇಜರ್‌ಗಳೂ ಇದ್ದಾರೆ, ಸುಳ್ಳು ಹೇಳಲ್ಲ. ಅಂಥವರ ಹತ್ತಿರ ಈ ಒಂದು ಸಾಲೇ ನಮಗೆ ಆಸರೆ.

ಈಗ ನಾನೇ ಬೇರೆಯವರಿಗೆ ಕೆಲಸ ಹೇಳುವ ಜಾಗದಲ್ಲಿದ್ದೇನೆ. ಹೋದ ತಿಂಗಳು ನಮ್ಮ ಟೀಮಿನ ಹುಡುಗಿಗೆ ನಾನೂ ಹಾಗೇ ಅರ್ಧಂಬರ್ಧ ಹೇಳಿದ್ದೆ. ಸ್ವಲ್ಪ ಹೊತ್ತಿಗೆ ಮೂರು ಸಾಲಿನ ಮಾದರಿ ಹಿಡಿದು ಬಂದಳು. "ಮೇಡಂ, ಈ ಗಿರಾಕಿ ಎರಡು ಲಕ್ಷ ಹಾಕಿದ್ದಾರೆ, ಆದ್ರೆ ಯಾವ ಬಿಲ್ಲಿಗೆ ಅಂತ ಹೇಳಿಲ್ಲ. ಹಳೇ ಬಿಲ್ಲಿಗೆ ಕಳೀಲಾ, ಬೇರೆ ತೋರಿಸ್ಲಾ?"

ಆ ಎರಡು ಲಕ್ಷದ ವಿಷಯ ನನಗೆ ಹೊಳೆದೇ ಇರಲಿಲ್ಲ. "ಬೇರೆ ತೋರಿಸು, ನಾನು ಗಿರಾಕಿಗೆ ಫೋನ್ ಮಾಡ್ತೀನಿ" ಅಂದೆ.