ಚ ಹೋಗಿ ಜ ಬಂತು

‘ಐಡಿಯಾ ಎಂಬ ಪದ ಹನ್ನೊಂದು ಸಲ ಬಂದಿದೆ. ಸ್ವಲ್ಪ ಬದಲಾಯಿಸಿ ಬರೆಯಿರಿ.’

ಮೀಟಿಂಗಿನ ಸಾರಾಂಶ ಬರೆದು ಕಳಿಸಿದ್ದಕ್ಕೆ ನಮ್ಮ ಮೇಲಿನವರು ಅಂಚಿನಲ್ಲಿ ಬರೆದ ಟಿಪ್ಪಣಿ ಇದು. ಎರಡು ಗಂಟೆ ಎಲ್ಲರೂ ಸೇರಿ ಐಡಿಯಾ ಕೊಟ್ಟಿದ್ದರು. ಅದನ್ನು ಐಡಿಯಾ ಎನ್ನದೆ ಇನ್ನೇನು ಹೇಳಲಿ? ಆದರೂ ನನಗೆ ಒಳಗೊಳಗೇ ಖುಷಿಯಾಯಿತು. ಪದಗಳ ವಿಷಯದಲ್ಲಿ ನನಗೂ ಸ್ವಲ್ಪ ಜಂಬವಿದೆ. ಹನ್ನೊಂದು ಐಡಿಯಾಗಳನ್ನು ಕಿತ್ತು ಆಲೋಚನೆ, ಕಲ್ಪನೆ, ಪರಿಕಲ್ಪನೆ, ಸಲಹೆ, ಪ್ರಸ್ತಾವ ಎಂದು ಒಂದೊಂದನ್ನು ಒಂದೊಂದು ಕಡೆ ನೆಟ್ಟೆ. ನೋಡಲು ಚೆನ್ನಾಗಿತ್ತು.

ಅಂದಿನ ಮೀಟಿಂಗಿನಲ್ಲಿ ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ‘ದೂರು ಕೊಟ್ಟವರಿಗೆ ಮರುದಿನ ನಾವೇ ಫೋನ್ ಮಾಡಿದರೆ ಹೇಗೆ?’ ಎಂದಿದ್ದಳು. ಅಷ್ಟೇ. ಯಾರು ಮಾಡಬೇಕು, ದಿನಕ್ಕೆ ಎಷ್ಟು ಫೋನು, ಯಾವುದನ್ನೂ ಆಕೆ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನನ್ನ ಸಾರಾಂಶದ ಮೊದಲ ಪ್ಯಾರಾದಲ್ಲಿ ಅದು ‘ಮರುಕರೆಯ ಕಲ್ಪನೆ’. ಎರಡನೆಯದರಲ್ಲಿ ‘ಗ್ರಾಹಕ ಸಂಪರ್ಕದ ಪರಿಕಲ್ಪನೆ’. ಕೊನೆಯ ಪಟ್ಟಿಯಲ್ಲಿ ‘ದೂರುದಾರರಿಗೆ ಕರೆ ಮಾಡುವ ಪ್ರಸ್ತಾವ’.

ಮೀಟಿಂಗಿಗೆ ಬಾರದೇ ಇದ್ದ ಇನ್ನೊಂದು ವಿಭಾಗದವರು ಅದನ್ನು ಓದಿ ಮೂರು ಬೇರೆ ಬೇರೆ ಐಡಿಯಾ ಎಂದು ಎಣಿಸಿದರು. ಅವರದೇನೂ ತಪ್ಪಿಲ್ಲ. ಕಥೆಯಲ್ಲಿ ಚಂದ್ರನನ್ನು ಶಶಿ ಎಂದರೂ ಇಂದು ಎಂದರೂ ಓದುವವನಿಗೆ ಒಬ್ಬನೇ ಚಂದ್ರ ಕಾಣುತ್ತಾನೆ. ಕಚೇರಿಯ ಕಾಗದದಲ್ಲಿ ಹೆಸರು ಬದಲಾದರೆ ವಸ್ತುವೂ ಬದಲಾಯಿತು ಎಂದೇ ಲೆಕ್ಕ. ಮೇಲಾಗಿ ಅವರು ‘ಪ್ರಸ್ತಾವದ ಪ್ರತಿ ಕಳಿಸಿ’ ಎಂದು ಕೇಳಿದರು. ಕೇಳದೆ ಇರುತ್ತಾರೆಯೇ? ಕಲ್ಪನೆ ತಲೆಯಲ್ಲಿದ್ದರೆ ಸಾಕು. ಪರಿಕಲ್ಪನೆ ಎನ್ನಬೇಕಾದರೆ ಅದಕ್ಕೊಂದು ಚೌಕಟ್ಟು ಬೇಕು. ಪ್ರಸ್ತಾವ ಎಂದರೆ ಯಾರೋ ಮಂಡಿಸಿದ್ದಾರೆ, ಖರ್ಚು ಇಷ್ಟು, ಒಪ್ಪುವವರು ಇಂಥವರು ಎಂದರ್ಥ. ಬಾಯಿಂದ ಜಾರಿದ ಒಂದು ಮಾತನ್ನು ನಾನು ಮೂರೇ ಪ್ಯಾರಾದಲ್ಲಿ ಮೂರು ಮೆಟ್ಟಿಲು ಹತ್ತಿಸಿ ಬಾಗಿಲ ಮುಂದೆ ನಿಲ್ಲಿಸಿದ್ದೆ.

ಸರಿ, ತಿದ್ದೋಣ ಎಂದುಕೊಂಡು ಪ್ರಸ್ತಾವವನ್ನು ತೆಗೆದು, ಮನೆಮಾತಿನ ‘ಯೋಚನೆ’ ಹಾಕಲು ಹೊರಟೆ. ಇಲ್ಲೇ ಎಡವಟ್ಟಾಯಿತು. ಬೆರಳು ಜಾರಿ ಚ ಹೋಗಿ ಜ ಬಂತು. ‘ಮರುಕರೆಯ ಯೋಜನೆ’. ಕಾಗುಣಿತ ಪರೀಕ್ಷಕ ತುಟಿಪಿಟಿಕ್ಕೆನ್ನಲಿಲ್ಲ; ಎರಡೂ ಸರಿಯಾದ ಪದಗಳೇ ತಾನೆ. ಹಿಂದಿನ ಕಾಲದಲ್ಲಿ ಯೋಜನ ಎಂಬ ದೂರದ ಅಳತೆಯೂ ಇತ್ತು. ಆ ಒಂದು ಅಕ್ಷರ ನನ್ನನ್ನು ಎಷ್ಟು ಯೋಜನ ದೂರ ಒಯ್ದಿತೆಂದರೆ, ಮರುದಿನ ಲೆಕ್ಕಪತ್ರದವರು ‘ಯೋಜನೆಗೆ ಎಷ್ಟು ಜನ ಬೇಕು, ಯಾವಾಗಿಂದ?’ ಎಂದು ಕೇಳಿದರು. ಸಂಜೆಯ ಹೊತ್ತಿಗೆ ಯಾರೋ ಆ ಹುಡುಗಿಯ ಹೆಸರಿನ ಮುಂದೆ ‘ಯೋಜನೆಯ ಹೊಣೆ’ ಎಂದು ಬರೆದೂ ಆಗಿತ್ತು. ‘ಸಾರ್, ನಾನು ಸುಮ್ನೆ ಕೇಳಿದ್ದು’ ಎಂದಳು. ‘ಏನೂ ಯೋಚನೆ ಮಾಡಬೇಡಮ್ಮಾ’ ಎಂದೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ನಮ್ಮಲ್ಲಿ ಯೋಚನೆ ಎಂದರೆ ಚಿಂತೆಯೂ ಹೌದಲ್ಲ.

ಹೀಗೆ ಎಲ್ಲರೂ ಸೇರಿ ಐಡಿಯಾ ಕೊಡುವ ಬ್ರೈನ್‌ಸ್ಟಾರ್ಮಿಂಗ್‌ಗೆ ನಿಯಮ ಕಟ್ಟಿದ ಅಲೆಕ್ಸ್ ಆಸ್‌ಬಾರ್ನ್ ಎಂಬ ಜಾಹೀರಾತಿನ ಮನುಷ್ಯ, ಐಡಿಯಾ ಹೇಳುತ್ತಿರುವಾಗ ಯಾರೂ ಅದನ್ನು ತೂಗಿ ನೋಡಬಾರದು ಎಂದಿದ್ದ. ಸಭೆಯಲ್ಲಿ ನಾವೆಲ್ಲ ಅದನ್ನು ಪಾಲಿಸಿದ್ದೆವು. ಸಭೆ ಮುಗಿದ ಮೇಲೆ ಬರೆಯಲು ಕೂತವನು ಪದವನ್ನೇ ತಕ್ಕಡಿ ಮಾಡಿಕೊಂಡರೆ ಏನು ಮಾಡುವುದು ಎಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ. ಇರಬೇಕಾದ್ದು ನನ್ನ ಬಳಿಯೇ.

ಮೂರನೆಯ ಪ್ರತಿಯಲ್ಲಿ ಅಲಂಕಾರವನ್ನೆಲ್ಲ ಕಿತ್ತೆಸೆದೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಎಲ್ಲ ಕಡೆಯೂ ‘ಐಡಿಯಾ 4’ ಎಂದರೆ ಐಡಿಯಾ 4. ಅದರ ಪಕ್ಕದಲ್ಲೇ ‘ಇನ್ನೂ ಏನೂ ತೀರ್ಮಾನವಾಗಿಲ್ಲ’ ಎಂದೂ ಬರೆದೆ. ಈ ಸಲ ಐಡಿಯಾ ಹತ್ತೊಂಬತ್ತು ಸಲ ಬಂತು. ಬೇಕೆಂದೇ ಎಣಿಸಿದೆ. ಮೇಲಿನವರಿಂದ ‘ಓದಲು ಒಣ ಒಣ ಆಗಿದೆ’ ಎಂದು ಟಿಪ್ಪಣಿ ಬಂತು. ಬರಲಿ. ಹನ್ನೊಂದನ್ನು ಎಣಿಸಲು ಪುರುಸೊತ್ತಿದ್ದವರು ಒಂದೇ ಐಡಿಯಾ ಮೂರಾಗಿದ್ದನ್ನು ಆಗ ಯಾಕೆ ಎಣಿಸಲಿಲ್ಲವೋ!

ಆ ಹುಡುಗಿ ಈಗಲೂ ಮೀಟಿಂಗಿಗೆ ಬರುತ್ತಾಳೆ. ಬಾಯಿ ತೆರೆಯುವ ಮೊದಲು ಒಮ್ಮೆ, ಬರೆದುಕೊಳ್ಳುತ್ತಿರುವವರು ಯಾರು ಎಂದು ನೋಡುತ್ತಾಳೆ.